ನಿಂತ ಪಟ್ಟಿ, ಮಲಗಿದ ಪಟ್ಟಿ

ಎಂಜಿನಿಯರಿಂಗ್ ಗಣಿತದ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ವೇಷ ಬದಲಿಸಿಕೊಂಡು ಬರುತ್ತದೆ. ಎರಡು ಅನುಕಲ ಚಿಹ್ನೆಗಳನ್ನು ಒಂದರ ಪಕ್ಕ ಒಂದು ಬರೆದು, ಮೇಲೆ ಕೆಳಗೆ ಮಿತಿಗಳನ್ನು ಕೊಟ್ಟು, ‘ಕ್ರಮ ಬದಲಿಸಿ ಬೆಲೆ ಕಂಡುಹಿಡಿಯಿರಿ’ ಎನ್ನುವ ಪ್ರಶ್ನೆ. ಕಾಲೇಜಿನ ಹುಡುಗರ ಬಾಯಲ್ಲಿ ಇದು ‘ಚೇಂಜ್ ಆಫ್ ಆರ್ಡರ್’. ಲೆಕ್ಕವೇ ನೋಡಿದರೆ ನಾಲ್ಕೈದು ಸಾಲಿನದು. ಅಂಕ ಹೋಗುವುದು ಲೆಕ್ಕದಲ್ಲಲ್ಲ, ಅದಕ್ಕೂ ಮೊದಲು ಬರೆಯಬೇಕಾದ ಚಿತ್ರದಲ್ಲಿ. ಆ ಚಿತ್ರ ಈಗ ಹೆಚ್ಚಾಗಿ ಓಡಾಡುವುದು ಮೊಬೈಲ್ ಫೋಟೋ ರೂಪದಲ್ಲಿ. ಗೆಳೆಯನ ನೋಟ್‌ಬುಕ್ಕಿನ ಹಾಳೆ, ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು, ಹಾಸ್ಟೆಲಿನ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ತೆಗೆದದ್ದು, ಹೀಗೆ. ಅಂಥ ಫೋಟೋ ಕೈಗೆ ಬಂದಾಗ ಅದರಿಂದ ಏನನ್ನು ನಂಬಬಹುದು, ಏನನ್ನು ನಂಬಬಾರದು ಎನ್ನುವುದು ಸಮೀಕರಣ ಬಿಡಿಸುವಷ್ಟೇ ಸ್ವಾರಸ್ಯದ ವಿಷಯ.

ಒಂದು ಫೋಟೋ ಎದುರಿಗಿದೆ ಎಂದುಕೊಳ್ಳೋಣ. ಗೆರೆ ಹಾಕಿದ ಹಾಳೆ. ಕೆಳಗಡೆ ಅಡ್ಡಲಾಗಿ x ಅಕ್ಷ, ಎಡಗಡೆ ನೆಟ್ಟಗೆ y ಅಕ್ಷ. ಎರಡೂ ಸೇರುವಲ್ಲಿಂದ ಹೊರಟ ಒಂದು ಬಾಗುಗೆರೆ ಬಲಕ್ಕೆ ಹೋಗುತ್ತ ಮೇಲೇರುತ್ತದೆ. ಅದರ ಪಕ್ಕದಲ್ಲಿ y = x² ಎಂದು ಬರೆದಿದೆ. y ಅಕ್ಷದ ಮೇಲಿನಿಂದ ಬಲಕ್ಕೆ ಇಳಿಯುವ ಒಂದು ನೇರಗೆರೆ ಆ ಬಾಗುಗೆರೆಯನ್ನು ಬಂದು ಸೇರುತ್ತದೆ. ಅದರ ಪಕ್ಕದಲ್ಲಿ y = 2 − x. y ಅಕ್ಷ, ಬಾಗುಗೆರೆ, ನೇರಗೆರೆ ಮೂರರ ನಡುವಿನ ಜಾಗವನ್ನು ಪೆನ್ಸಿಲಿನಲ್ಲಿ ಗೀಚಿ ತುಂಬಲಾಗಿದೆ. ಮಿತಿಗಳನ್ನು ಬರೆದ ಸಾಲು ಫೋಟೋದ ಅಂಚಿನಲ್ಲಿ ಕತ್ತರಿಸಿಹೋಗಿದೆ. ಉಳಿದದ್ದು ಇಷ್ಟು: ಈ ಗೀಚಿದ ಪ್ರದೇಶದ ಮೇಲೆ xy ಎಂಬ ಫಲನವನ್ನು ಅನುಕಲಿಸಬೇಕು, ಕ್ರಮ ಬದಲಿಸಿ.

ದ್ವಿ ಅನುಕಲವೆಂದರೆ ಒಂದು ಪ್ರದೇಶದ ಮೇಲೆ ಎಲ್ಲೆಲ್ಲೂ ಹರಡಿರುವ ಏನನ್ನಾದರೂ ಕೂಡಿಸುವುದು. ಗದ್ದೆಯನ್ನು ನೆನೆಸಿಕೊಂಡರೆ ಸಾಕು. ಒಂದೊಂದು ಜಾಗದಲ್ಲಿ ಒಂದೊಂದು ಬಗೆಯ ಬೆಳೆ ಬಂದಿದೆ, ಒಟ್ಟು ಎಷ್ಟು ಭತ್ತ ಎಂದು ತಿಳಿಯಬೇಕು. ಕೊಯ್ಯುವವರು ಉದ್ದಕ್ಕೆ ಸಾಲು ಹಿಡಿದರೂ ಅಡ್ಡಕ್ಕೆ ಸಾಲು ಹಿಡಿದರೂ ಕಣಕ್ಕೆ ಬರುವ ಭತ್ತ ಅಷ್ಟೇ. ಆದರೆ ಪ್ರತಿ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎನ್ನುವುದು ಸಾಲು ಹಿಡಿದ ದಿಕ್ಕಿನ ಮೇಲೆ ನಿಂತಿದೆ. ಕ್ರಮ ಬದಲಿಸುವುದೆಂದರೆ ಆ ದಿಕ್ಕನ್ನು ಬದಲಿಸಿ, ಬದುಗಳನ್ನು ಹೊಸದಾಗಿ ಗುರುತಿಸುವುದು.

ಮೊದಲು ನಿಂತ ಪಟ್ಟಿ. x ಅನ್ನು ಒಂದು ಕಡೆ ಹಿಡಿದು ನಿಲ್ಲಿಸಿ, y ಅಕ್ಷಕ್ಕೆ ಸಮಾಂತರವಾಗಿ ಒಂದು ಸಣ್ಣ ಪಟ್ಟಿ ಎಳೆದರೆ ಅದು ಕೆಳಗೆ ಬಾಗುಗೆರೆಯ ಮೇಲೆ ಶುರುವಾಗಿ ಮೇಲೆ ನೇರಗೆರೆಯಲ್ಲಿ ಮುಗಿಯುತ್ತದೆ. ಅಂದರೆ y ಓಡುವುದು x² ರಿಂದ 2 − x ವರೆಗೆ. ಪಟ್ಟಿಯನ್ನು ಎಡದಿಂದ ಬಲಕ್ಕೆ ತಳ್ಳಿಕೊಂಡು ಹೋದರೆ x = 0 ಯಲ್ಲಿ ಶುರುವಾಗಿ ಎರಡು ಗೆರೆ ಕೂಡುವಲ್ಲಿ ನಿಲ್ಲಬೇಕು. ಎಲ್ಲಿ ಕೂಡುತ್ತವೆ? x² = 2 − x ಎಂದು ಬರೆದು ಬಿಡಿಸಿದರೆ x = 1 ಅಥವಾ x = −2. ಚಿತ್ರದಲ್ಲಿರುವುದು ಬಲಗಡೆಯದು, ಹಾಗಾಗಿ ಮೂಲೆ (1, 1). ಎಡದಿಂದ ಬಲದವರೆಗೆ ಎಲ್ಲ ಪಟ್ಟಿಗಳೂ ಒಂದೇ ಜಾತಿಯವು. ಎಲ್ಲಕ್ಕೂ ಕೆಳಗೆ ಬಾಗುಗೆರೆ, ಮೇಲೆ ನೇರಗೆರೆ. ಒಂದೇ ಅನುಕಲದಲ್ಲಿ ಕೆಲಸ ಮುಗಿಯುತ್ತದೆ.

ಲೆಕ್ಕವೂ ಸರಳ. ಒಳಗಿನ ಹಂತದಲ್ಲಿ x ಸ್ಥಿರ, y ಮಾತ್ರ ಓಡುತ್ತದೆ. ಅದು ಮುಗಿದಾಗ ಸಿಗುವುದು

(x/2) · [(2 − x)² − x⁴]

ಇದನ್ನು x = 0 ರಿಂದ 1 ರವರೆಗೆ ಅನುಕಲಿಸಿದರೆ ಉತ್ತರ 3/8.

ಈಗ ಪಟ್ಟಿಯನ್ನು ಮಲಗಿಸೋಣ. y ಅನ್ನು ಒಂದು ಎತ್ತರದಲ್ಲಿ ಹಿಡಿದು ಅಡ್ಡಲಾಗಿ ನಡೆದರೆ ಪಟ್ಟಿ ಯಾವಾಗಲೂ y ಅಕ್ಷದಿಂದಲೇ, ಅಂದರೆ x = 0 ಯಿಂದಲೇ ಶುರುವಾಗುತ್ತದೆ. ಮುಗಿಯುವುದೆಲ್ಲಿ? ಕೆಳಗಡೆ, ಮೂಲೆಗಿಂತ ತಗ್ಗಿನಲ್ಲಿ, ಬಲಗಡೆ ಎದುರಾಗುವುದು ಬಾಗುಗೆರೆ. ಮೂಲೆ ದಾಟಿ ಮೇಲೆ ಹೋದರೆ ಎದುರಾಗುವುದು ನೇರಗೆರೆ. ಒಂದೇ ಪ್ರದೇಶ, ಆದರೆ ಮಲಗಿದ ಪಟ್ಟಿಗಳು ಎರಡು ಜಾತಿಯವು. y = 1 ರ ಎತ್ತರದಲ್ಲಿ ಪ್ರದೇಶವನ್ನು ಅಡ್ಡಡ್ಡ ಕತ್ತರಿಸದೆ ಗತ್ಯಂತರವಿಲ್ಲ. ಕೆಳಗಿನ ತುಂಡಿನಲ್ಲಿ y = x² ಎಂಬುದನ್ನು x ಗಾಗಿ ಬಿಡಿಸಿಕೊಂಡರೆ x = √y. ಮೇಲಿನ ತುಂಡಿನಲ್ಲಿ x = 2 − y. ಹಾಗಾಗಿ ಹೊಸ ಕ್ರಮದಲ್ಲಿ ಎರಡು ಅನುಕಲಗಳು: y ಸೊನ್ನೆಯಿಂದ 1 ರವರೆಗೆ ಓಡುವಾಗ x ಸೊನ್ನೆಯಿಂದ √y ವರೆಗೆ, y 1 ರಿಂದ 2 ರವರೆಗೆ ಓಡುವಾಗ x ಸೊನ್ನೆಯಿಂದ 2 − y ವರೆಗೆ. ಮೊದಲನೆಯದು 1/6 ಕೊಡುತ್ತದೆ, ಎರಡನೆಯದು 5/24. ಕೂಡಿಸಿದರೆ 9/24, ಅಂದರೆ ಮತ್ತೆ 3/8.

ವಿದ್ಯಾರ್ಥಿಗಳು ಜಾರುವುದು ಈ ಕತ್ತರಿಸುವ ಜಾಗದಲ್ಲೇ. ಕೆಲವರು ಚಿತ್ರವನ್ನೇ ನೋಡದೆ ಮಿತಿಗಳನ್ನು ಅದಲುಬದಲು ಮಾಡಿ, x² ಮತ್ತು 2 − x ಗಳನ್ನು ಹೊರಗಿನ ಚಿಹ್ನೆಗೆ ಹಾಕಿಬಿಡುತ್ತಾರೆ. ಆ ತಪ್ಪು ತನ್ನನ್ನು ತಾನೇ ತೋರಿಸಿಕೊಡುತ್ತದೆ, ಏಕೆಂದರೆ ಕೊನೆಯ ಉತ್ತರದಲ್ಲಿ x ಉಳಿದುಬಿಡುತ್ತದೆ. ಸಂಖ್ಯೆ ಬರಬೇಕಾದಲ್ಲಿ x ಬಂದರೆ ಹೊರಗಿನ ಮಿತಿ ಕೆಟ್ಟಿದೆ ಎಂದೇ ಅರ್ಥ. ಇನ್ನೊಂದು ತಪ್ಪು ಇಷ್ಟು ಪ್ರಾಮಾಣಿಕವಲ್ಲ. y ಸೊನ್ನೆಯಿಂದ 2 ರವರೆಗೆ, x ಸೊನ್ನೆಯಿಂದ √y ವರೆಗೆ ಎಂದು ಒಂದೇ ಏಟಿಗೆ ಬರೆದವರಿಗೆ 4/3 ಸಿಗುತ್ತದೆ. ಬರೀ 2 − y ಹಾಕಿದವರಿಗೆ 2/3. ಎರಡೂ ನೋಡಲು ಸಭ್ಯ ಸಂಖ್ಯೆಗಳೇ, ಎರಡೂ ತಪ್ಪು.

ಇದನ್ನು ಹಿಡಿಯಲು ಅಗ್ಗದ ಉಪಾಯವೊಂದಿದೆ. xy ಅನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅದರ ಜಾಗದಲ್ಲಿ 1 ಹಾಕಿ ಎರಡೂ ಕ್ರಮದಲ್ಲಿ ಅನುಕಲಿಸಬೇಕು. ಸಿಗುವುದು ಪ್ರದೇಶದ ವಿಸ್ತೀರ್ಣ. ನಿಂತ ಪಟ್ಟಿಯಲ್ಲಿ 2 − 1/2 − 1/3, ಅಂದರೆ 7/6. ಕತ್ತರಿಸಿದ ಮಲಗಿದ ಪಟ್ಟಿಯಲ್ಲಿ ಕೆಳಗಿನ ತುಂಡು 2/3, ಮೇಲಿನ ತ್ರಿಕೋನ 1/2, ಒಟ್ಟು 7/6. ಹೊಂದಿತು. ಬರೀ 2 − y ಹಾಕಿದವರಿಗೆ ವಿಸ್ತೀರ್ಣ 2 ಬರುತ್ತದೆ, ಬರೀ √y ಹಾಕಿದವರಿಗೆ ಸುಮಾರು 1.89. ಮಿತಿ ತಪ್ಪಿರುವುದು ಅಲ್ಲೇ ಬಯಲಾಗುತ್ತದೆ. 4/3 ಎಂಬ ಉತ್ತರವನ್ನಂತೂ ಇನ್ನೂ ಬೇಗ ತಳ್ಳಿಹಾಕಬಹುದು: ಈ ಪ್ರದೇಶದಲ್ಲಿ xy ಎಲ್ಲಿಯೂ 1 ಅನ್ನು ಮೀರುವುದಿಲ್ಲ, ಹಾಗಿರುವಾಗ ಒಟ್ಟು ಮೊತ್ತ ವಿಸ್ತೀರ್ಣವಾದ 7/6 ಅನ್ನು ಮೀರುವುದು ಹೇಗೆ?

ಇಷ್ಟೆಲ್ಲ ಚಿತ್ರವನ್ನು ಸರಿಯಾಗಿ ಓದಿದರೆ. ಫೋಟೋ ಓದುವುದು ಬೇರೆಯೇ ಕಸರತ್ತು.

ಹಾಳೆಯನ್ನು ಓರೆಯಿಂದ ತೆಗೆದಾಗ ಕ್ಯಾಮೆರಾ ಅಳತೆಗಳನ್ನು ಕೆಡಿಸುತ್ತದೆ. ದೂರದ ತುದಿ ಕುಗ್ಗುತ್ತದೆ, ಲಂಬಕೋನ ಲಂಬವಾಗಿ ಉಳಿಯುವುದಿಲ್ಲ, ಸಮಾಂತರ ಗೆರೆಗಳು ಒಂದರತ್ತ ಒಂದು ವಾಲುತ್ತವೆ, ವೃತ್ತ ಅಂಡಾಕಾರವಾಗುತ್ತದೆ. ಆದರೆ ಕೆಡದೆ ಉಳಿಯುವುದೂ ಇದೆ. ನೇರಗೆರೆ ನೇರವಾಗಿಯೇ ಉಳಿಯುತ್ತದೆ, ಲೆನ್ಸಿನ ದೋಷಕ್ಕೆ ಅದು ಅಂಚಿನಲ್ಲಿ ತುಸು ಬಾಗಿದರೂ. ಎರಡು ಗೆರೆ ಹಾಳೆಯಲ್ಲಿ ಕೂಡಿದ್ದರೆ ಫೋಟೋದಲ್ಲೂ ಕೂಡುತ್ತವೆ, ಒಂದನ್ನೊಂದು ಬರೀ ಮುಟ್ಟಿ ಹೋಗಿದ್ದರೆ ಬರೀ ಮುಟ್ಟಿಯೇ ಹೋಗುತ್ತವೆ. ಯಾವ ಗೆರೆಯ ಈಚೆ, ಯಾವ ಗೆರೆಯ ಆಚೆ ಎನ್ನುವುದು ಬದಲಾಗದು. ಅನುಕಲದ ಮಿತಿ ಬರೆಯಲು ಬೇಕಾದದ್ದು ಹೆಚ್ಚುಕಡಿಮೆ ಇದೇ ಮಾಹಿತಿ. ಯಾವ ಗೆರೆ ಮೇಲೆ, ಯಾವುದು ಕೆಳಗೆ, ಎಲ್ಲಿ ಕೂಡುತ್ತವೆ. ಹಾಗಾಗಿ ಓರೆ ಫೋಟೋದಿಂದಲೂ ಸರಿಯಾದ ಮಿತಿ ಬರೆಯಲು ಸಾಧ್ಯ, ಒಂದು ಷರತ್ತಿನ ಮೇಲೆ: ಮೂಲೆಯ ಸಂಖ್ಯೆಗಳನ್ನು ಪರದೆಯ ಮೇಲೆ ಬೆರಳಿಟ್ಟು ಅಳೆಯಬಾರದು, ಸಮೀಕರಣದಿಂದಲೇ ತೆಗೆಯಬೇಕು. ಫೋಟೋದಲ್ಲಿ ಮೂಲೆ y ಅಕ್ಷದ ಅರ್ಧಕ್ಕಿಂತ ಮೇಲೆ ಕಂಡರೂ ಅದು y = 1 ರಲ್ಲೇ ಇದೆ.

ಗೆರೆ ಹಾಳೆಯಾದರೆ ಇನ್ನೂ ಒಂದು ಅನುಕೂಲ. x ಅಕ್ಷವನ್ನು ಹಾಳೆಯ ಗೆರೆಯ ಮೇಲೇ ಎಳೆದಿದ್ದರೆ ಅದರ ಮೇಲಿನ ಪ್ರತಿಯೊಂದು ಗೆರೆಯೂ ತಯಾರಾದ ಮಲಗಿದ ಪಟ್ಟಿ. ಫೋಟೋ ವಾಲಿದರೆ ಗೆರೆಗಳೂ ಚಿತ್ರದ ಜೊತೆಗೇ ವಾಲುತ್ತವೆ. ಪರದೆಯ ಅಂಚನ್ನು ನೋಡಿ ಅಡ್ಡ ಪಟ್ಟಿ ಊಹಿಸುವ ಬದಲು ಹಾಳೆಯ ಗೆರೆಯನ್ನು ಹಿಂಬಾಲಿಸಿದರೆ ದಿಕ್ಕು ತಪ್ಪುವುದಿಲ್ಲ. ಎಣಿಸಲೂಬಹುದು: ನೇರಗೆರೆ y ಅಕ್ಷವನ್ನು 16 ನೇ ಗೆರೆಯಲ್ಲಿ ಮುಟ್ಟಿದ್ದರೆ, ಚೆನ್ನಾಗಿ ಬರೆದ ಚಿತ್ರದಲ್ಲಿ ಮೂಲೆ 8 ನೇ ಗೆರೆಯಲ್ಲಿರಬೇಕು. ಅಂತರ ಕುಗ್ಗಿದರೂ ಎಣಿಕೆ ಕುಗ್ಗದು. ಫೋಟೋ 90 ಡಿಗ್ರಿ ತಿರುಗಿ ಬಂದಿದ್ದರೆ, ಮೇಲಕ್ಕೆ ತೆರೆದ ಪರವಲಯ ಪಕ್ಕಕ್ಕೆ ತೆರೆದಂತೆ ಕಾಣುತ್ತದೆ. ಆಗ ಅಕ್ಷರಗಳು ನೆಟ್ಟಗೆ ಕಾಣುವವರೆಗೆ ತಿರುಗಿಸಿ, ಆಮೇಲಷ್ಟೇ ಪಟ್ಟಿ ಎಳೆಯುವುದು ವಾಸಿ. ಎಲ್ಲಕ್ಕಿಂತ ಒಳ್ಳೆಯದು ಇನ್ನೊಂದು ಹಾಳೆಯ ಮೇಲೆ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳುವುದು. ಅನೇಕರು ಇದನ್ನು ಸಮಯ ದಂಡ ಎಂದುಕೊಳ್ಳುತ್ತಾರೆ. ಆದರೆ ಕ್ರಮ ಬದಲಿಸುವ ಲೆಕ್ಕದಲ್ಲಿ ನಿಜವಾದ ಗಣಿತ ನಡೆಯುವುದೇ ಆ ಎರಡು ನಿಮಿಷದಲ್ಲಿ.

ಮಬ್ಬಾದ ಅಕ್ಷರ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. x² ಎಂಬುದರ ಮೇಲಿನ ಪುಟ್ಟ 2 ಫೋಟೋದಲ್ಲಿ 3 ರಂತೆ ಕಂಡರೆ? y = x³ ಕೂಡ ಸೊನ್ನೆಯಿಂದಲೇ ಹೊರಟು ಅದೇ (1, 1) ಮೂಲೆಯಲ್ಲಿ ಆ ನೇರಗೆರೆಯನ್ನು ಸೇರುತ್ತದೆ. ಚಿತ್ರದ ಆಕಾರ ಹೆಚ್ಚುಕಡಿಮೆ ಅದೇ, ಕತ್ತರಿಸುವ ಎತ್ತರವೂ ಅದೇ. √y ಜಾಗದಲ್ಲಿ y ಯ ಘನಮೂಲ ಬರುತ್ತದೆ, ಉತ್ತರ 19/48 ಆಗುತ್ತದೆ. ಸರಿಯಾದ 3/8 ಎಂದರೆ 18/48. ವ್ಯತ್ಯಾಸ ನಲವತ್ತೆಂಟರಲ್ಲಿ ಒಂದು ಪಾಲು. ಎರಡೂ ಕ್ರಮದಲ್ಲಿ ಲೆಕ್ಕ ಹಾಕಿದರೂ ಈ ತಪ್ಪು ಸಿಗದು, ಏಕೆಂದರೆ ಓದಿದ್ದೇ ತಪ್ಪು, ಲೆಕ್ಕ ಸರಿ. ಇಲ್ಲಿ ಮತ್ತೆ ಹಾಳೆಯ ಗೆರೆಯೇ ಗತಿ: ಮೂಲೆ 8 ನೇ ಗೆರೆಯಲ್ಲಿದ್ದರೆ, 2 ನೇ ಗೆರೆಯಲ್ಲಿ, ಅಂದರೆ y = 1/4 ರಲ್ಲಿ, ಪರವಲಯ ಅಗಲದ ಸರಿಯರ್ಧ ದೂರದಲ್ಲಿ ಇರಬೇಕು. ಘನದ ಗೆರೆಯಾದರೆ ಸುಮಾರು 0.63 ರಲ್ಲಿ. ಕೈಬರಹದ ಚಿತ್ರ ಅಷ್ಟು ನಿಖರವಾಗಿದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಇಲ್ಲದಿದ್ದರೆ ಬರೆದವರನ್ನೇ ಕೇಳಬೇಕು.

ಹೋಲಿಸಿದರೆ, ಗೀಚಿದ ಬಣ್ಣ ಎಲ್ಲಿಗೆ ನಿಂತಿದೆ ಎನ್ನುವುದು ಇನ್ನೂ ದುಬಾರಿ ಪ್ರಶ್ನೆ. ಪರವಲಯ ಮತ್ತು ನೇರಗೆರೆ ಎಡಗಡೆಯೂ, (−2, 4) ರಲ್ಲಿ ಕೂಡುತ್ತವೆ. ಫೋಟೋದ ಎಡ ಅಂಚು ಕತ್ತರಿಸಿಹೋಗಿದ್ದು, ಗೀಚು y ಅಕ್ಷವನ್ನು ದಾಟಿ ಎಡಕ್ಕೂ ಹೋಗಿತ್ತೇ ಎನ್ನುವುದು ತಿಳಿಯದಿದ್ದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಪೂರ್ತಿ ಪ್ರದೇಶವಾದರೆ ಮಲಗಿದ ಪಟ್ಟಿಯ ಎಡತುದಿ y ಅಕ್ಷವಲ್ಲ, ಪರವಲಯದ ಎಡ ತೋಳು. ಅಲ್ಲಿ x = −√y. ಆಗ y ಸೊನ್ನೆಯಿಂದ 1 ರವರೆಗೆ ಇರುವಾಗ x ಓಡುವುದು −√y ಯಿಂದ √y ವರೆಗೆ, y 1 ರಿಂದ 4 ರವರೆಗೆ ಇರುವಾಗ −√y ಯಿಂದ 2 − y ವರೆಗೆ. ವಿಸ್ತೀರ್ಣ 7/6 ರಿಂದ 9/2 ಕ್ಕೆ ಜಿಗಿಯುತ್ತದೆ. xy ಯ ಅನುಕಲವಂತೂ 3/8 ರಿಂದ −45/8 ಕ್ಕೆ ಇಳಿಯುತ್ತದೆ, ಏಕೆಂದರೆ ಎಡಗಡೆ x ಋಣ, y ಧನ. ವರ್ಗಮೂಲ ತೆಗೆಯುವಾಗ ಎರಡು ಚಿಹ್ನೆಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ಸೂತ್ರ ಹೇಳುವುದಿಲ್ಲ. ಪಟ್ಟಿಯ ತುದಿ ಯಾವ ತೋಳಿನ ಮೇಲಿದೆ ಎಂದು ಚಿತ್ರವೇ ಹೇಳಬೇಕು.

ಒಂದು ಅನುಕಲ ಇದ್ದದ್ದನ್ನು ಎರಡು ಮಾಡಿಕೊಂಡು ಇಷ್ಟು ಪಾಡು ಏಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. ಈ ಉದಾಹರಣೆಯಲ್ಲಿ ಕ್ರಮ ಬದಲಿಸಿದ್ದರಿಂದ ಲಾಭವಿಲ್ಲ, ಅಭ್ಯಾಸವಷ್ಟೇ. ಲಾಭ ಕಾಣುವುದು e ಯ ಘಾತದಲ್ಲಿ y² ಇರುವ ಫಲನ ಬಂದಾಗ. ಪ್ರದೇಶ ಒಂದು ತ್ರಿಕೋನ: x ಸೊನ್ನೆಯಿಂದ 1 ರವರೆಗೆ, y ಆ x ನಿಂದ 1 ರವರೆಗೆ. ನಿಂತ ಪಟ್ಟಿ ಹಿಡಿದರೆ ಮೊದಲ ಹೆಜ್ಜೆಯಲ್ಲೇ ಬಾಗಿಲು ಮುಚ್ಚಿದೆ. e^(y²) ಗೆ ನಮಗೆ ಪರಿಚಿತವಾದ ಫಲನಗಳಲ್ಲಿ ಬರೆಯಬಹುದಾದ ಪ್ರತ್ಯನುಕಲವೇ ಇಲ್ಲ. ಇಂಥವು ಸಿಗಲಾರವು ಎಂದು ಸಾಧಿಸುವ ದಾರಿಯನ್ನು ಫ್ರಾನ್ಸಿನ ಜೋಸೆಫ್ ಲಿಯೂವಿಲ್ 1830 ರ ದಶಕದಲ್ಲೇ ತೋರಿಸಿದ್ದ. ಪಟ್ಟಿಯನ್ನು ಮಲಗಿಸಿದರೆ x ಸೊನ್ನೆಯಿಂದ y ವರೆಗೆ ಓಡುತ್ತದೆ, ಫಲನದಲ್ಲಿ x ಇಲ್ಲವೇ ಇಲ್ಲ, ಆದ್ದರಿಂದ ಒಳಗಿನ ಹಂತ y · e^(y²) ಎಂದು ಒಂದೇ ಉಸಿರಿಗೆ ಮುಗಿಯುತ್ತದೆ. ಮುಂದೆ ಕಂಡ y ಎಂಬ ಆ ಗುಣಕವೇ ಬೀಗದ ಕೈ. y² ಅನ್ನು ಒಂದು ಹೊಸ ಚರವೆಂದು ಹಿಡಿದರೆ ಉತ್ತರ (e − 1)/2, ಸುಮಾರು 0.859. ತ್ರಿಕೋನದ ಅಗಲವೇ ಕೊರತೆಯಾಗಿದ್ದ y ಯನ್ನು ತಂದುಕೊಟ್ಟಿತು.

ಪ್ರದೇಶದ ಮೇಲಿನ ದ್ವಿ ಅನುಕಲವನ್ನು ಲಿಯೊನಾರ್ಡ್ ಆಯ್ಲರ್ 1760 ರ ದಶಕದ ಕೊನೆಯಲ್ಲೇ ವಿವರವಾಗಿ ಬರೆದಿದ್ದ. ಕ್ರಮ ಬದಲಿಸಿದರೂ ಉತ್ತರ ಅದೇ ಎನ್ನುವುದಕ್ಕೆ ಇಂದು ಹೇಳುವ ಸಾಮಾನ್ಯ ಪ್ರಮೇಯ ಮಾತ್ರ ಬಹಳ ತಡವಾಗಿ ಬಂತು. 1907 ರಲ್ಲಿ ಇಟಲಿಯ ಗುಯಿಡೊ ಫುಬಿನಿ ಅದನ್ನು ಕೊಟ್ಟ. ಯೆಹೂದಿ ಮನೆತನದವನಾದ ಫುಬಿನಿ ಮುಸೊಲಿನಿಯ ಜನಾಂಗೀಯ ಕಾನೂನುಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿ, 1943 ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಅವನ ಪ್ರಮೇಯಕ್ಕೆ ಒಂದು ಷರತ್ತಿದೆ. ಫಲನದ ಚಿಹ್ನೆಗಳನ್ನೆಲ್ಲ ಧನ ಮಾಡಿ ಕೂಡಿಸಿದರೂ ಒಟ್ಟು ಮೊತ್ತ ಅನಂತಕ್ಕೆ ಓಡಬಾರದು. xy ಯಂಥ, ಎಲ್ಲಿಯೂ ಮುರಿಯದ ಫಲನಕ್ಕೆ, ಅಂಚುಕಟ್ಟಿದ ಪ್ರದೇಶದ ಮೇಲೆ ಈ ಷರತ್ತು ತಾನಾಗಿಯೇ ಈಡೇರುತ್ತದೆ. ಕಾಲೇಜಿನ ಲೆಕ್ಕಗಳಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳದಿರುವುದು ಅದಕ್ಕೇ.

ಷರತ್ತು ಮುರಿದಾಗ ಏನಾಗುತ್ತದೆ ಎಂದು ನೋಡಲು ಅತಿ ಸಾದಾ ಚಿತ್ರ ಸಾಕು. ಬದಿಯ ಉದ್ದ 1 ಇರುವ ಒಂದು ಚೌಕ, ಎಡಗೆಳ ಮೂಲೆ ಸೊನ್ನೆಯಲ್ಲಿ. ಪಟ್ಟಿ ನಿಲ್ಲಿಸಿದರೂ ಮಲಗಿಸಿದರೂ ಮಿತಿಗಳು 0 ಮತ್ತು 1, ಕತ್ತರಿಸುವ ಮಾತೇ ಇಲ್ಲ. ಫಲನ ಇದು:

(x² − y²) / (x² + y²)²

ಮೊದಲು y, ಆಮೇಲೆ x ಎಂದು ಅನುಕಲಿಸಿದರೆ ಒಳಗಿನ ಹಂತ 1/(1 + x²) ಆಗಿ, ಕೊನೆಗೆ π/4 ಬರುತ್ತದೆ. ಮೊದಲು x, ಆಮೇಲೆ y ಎಂದರೆ −π/4. ಎರಡೂ ಲೆಕ್ಕ ಸರಿ, ಉತ್ತರ ಮಾತ್ರ ಎರಡು. ತೊಂದರೆ ಇರುವುದು ಸೊನ್ನೆಯ ಮೂಲೆಯಲ್ಲಿ. ಅಲ್ಲಿ ಫಲನ ಒಂದು ದಿಕ್ಕಿನಲ್ಲಿ ಧನ ಅನಂತಕ್ಕೆ, ಇನ್ನೊಂದು ದಿಕ್ಕಿನಲ್ಲಿ ಋಣ ಅನಂತಕ್ಕೆ ಚಿಮ್ಮುತ್ತದೆ, ಮೊದಲು ಯಾವುದನ್ನು ಕೂಡಿಸುತ್ತೇವೆ ಎನ್ನುವುದೇ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಎಷ್ಟೇ ಸ್ಪಷ್ಟವಾದ ಫೋಟೋ ಇದ್ದರೂ ಇದು ಕಾಣದು, ಏಕೆಂದರೆ ಚಿತ್ರದಲ್ಲಿರುವುದು ಪ್ರದೇಶ ಮಾತ್ರ, ಅದರ ಮೇಲೆ ಹರಡಿರುವ ಫಲನವಲ್ಲ. ಆ ಮೂಲೆಯಿಂದ ಎಷ್ಟೇ ಪುಟ್ಟದಾದರೂ ಸರಿ, ಒಂದು ಚೌಕವನ್ನು ಕತ್ತರಿಸಿ ತೆಗೆದು ಮತ್ತೆ ಲೆಕ್ಕ ಹಾಕಿದರೆ ಎರಡು ಕ್ರಮಗಳೂ ಒಪ್ಪಿಕೊಳ್ಳುತ್ತವೆ. ಒಪ್ಪಿಕೊಂಡ ಉತ್ತರ π/4 ಅಲ್ಲ, −π/4 ಕೂಡ ಅಲ್ಲ, ಸೊನ್ನೆ.